‘ಅಮ್ಮ ಬಂದಿರುತ್ತದೆ’: ಒಂದು ರಜಾ ಅರ್ಜಿ ಇಂಗ್ಲಿಷಿಗೆ ಹೋದ ಪ್ರಕರಣ

ನಾನು ದಾಖಲೆಗಳ ಅನುವಾದಕ. ಕ್ರಯಪತ್ರ, ಜನನ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಪಾಲುಪತ್ರ, ಇಂಥವನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಮಕ್ಕಳ ರಜಾ ಅರ್ಜಿಗೆ ಯಾರೂ ನನ್ನ ಹತ್ತಿರ ಬರುವುದಿಲ್ಲ. ಅದಕ್ಕೆ ಬೀದಿ ಕೊನೆಯ ಝೆರಾಕ್ಸ್ ಅಂಗಡಿ ಇದೆ. ಹಾಗಿದ್ದೂ ಈ ಒಂದು ಅರ್ಜಿ ಬಂತು, ಮೂರು ದಿನ ನನ್ನನ್ನು ಕಾಡಿತು. ಇಲ್ಲಿ ಊರು, ಶಾಲೆ, ಮನೆಯವರ ಗುರುತು ಯಾವುದನ್ನೂ ಕೊಟ್ಟಿಲ್ಲ. ದಿನಾಂಕಗಳ ಬದಲು ವಾರಗಳನ್ನಷ್ಟೇ ಹೇಳಿದ್ದೇನೆ.

ಮನೆ ಬೆಂಗಳೂರಿನ ಹೊರವಲಯದ್ದು. ಗಂಡ ಹೆಂಡತಿ ಇಬ್ಬರೂ ಮಂಡ್ಯ ಕಡೆಯವರು. ಆತ ಗೂಡ್ಸ್ ಆಟೊ ಓಡಿಸುತ್ತಾನೆ, ಆಕೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮಗ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲಿ ಎರಡನೇ ತರಗತಿ. ತರಗತಿಯ ಮಿಸ್ ಉತ್ತರ ಭಾರತದವರು, ಬೆಂಗಳೂರಿಗೆ ಬಂದು ಒಂದು ವರ್ಷವಾಗಿತ್ತು, ಕನ್ನಡ ಓದಲು ಬಾರದು. ಅರ್ಜಿ ಇಂಗ್ಲಿಷಿನಲ್ಲೇ ಇರಬೇಕೆಂಬುದು ಶಾಲೆಯ ಪದ್ಧತಿ. ತಾಯಿ ಎಸ್‌ಎಸ್‌ಎಲ್‌ಸಿಯವರೆಗೆ ಕನ್ನಡದಲ್ಲಿ ಓದಿದವಳು. ಅಕ್ಷರ ಮುತ್ತಿನಂತಿದೆ, ಅರ್ಜಿ ಬರೆಯುವ ಕ್ರಮವೂ ಗೊತ್ತು. ಆಕೆ ಬರೆದದ್ದು ಇದು:

“ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಮಗನಿಗೆ ಭಾನುವಾರದಿಂದ ಅಮ್ಮ ಬಂದಿರುತ್ತದೆ. ಆದ್ದರಿಂದ ಅವನನ್ನು ಶಾಲೆಗೆ ಕಳಿಸಲು ಆಗುವುದಿಲ್ಲ. ಮೂರು ನೀರು ಹಾಕಿದ ಮೇಲೆ ಕಳಿಸುತ್ತೇವೆ. ಅಲ್ಲಿಯವರೆಗೆ ತಾವು ದಯಮಾಡಿ ರಜೆ ಕೊಡಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಪರೀಕ್ಷೆ ಇರುವುದು ಗೊತ್ತು. ತಪ್ಪು ತಿಳಿಯಬಾರದು. ಇಂತಿ ತಮ್ಮ ವಿಶ್ವಾಸಿ.”

ನಮ್ಮ ಕಡೆಯ ಯಾವ ಮೇಷ್ಟ್ರ ಕೈಗೆ ಇದನ್ನು ಕೊಟ್ಟಿದ್ದರೂ ಓದುತ್ತಲೇ ಒಂದು ಹೆಜ್ಜೆ ಹಿಂದೆ ಸರಿದು, “ಆಯ್ತಮ್ಮ, ಮೊದಲು ಹುಷಾರಾಗಲಿ” ಅನ್ನುತ್ತಿದ್ದರು. ಮೈಮೇಲೆ ನೀರುಗುಳ್ಳೆ ಎದ್ದರೆ ಅದು ರೋಗವಲ್ಲ, ಮಾರಮ್ಮ ಮನೆಗೆ ಬಂದಿದ್ದಾಳೆ ಎಂಬ ನಂಬಿಕೆ. ಹೆಸರು ಹಿಡಿದು ಹೇಳಬಾರದು, ‘ಅಮ್ಮ’ ಎಂದಷ್ಟೇ ಅನ್ನಬೇಕು. ಬೇವಿನ ಸೊಪ್ಪು ಹಾಸಬೇಕು, ಮನೆಯಲ್ಲಿ ಒಗ್ಗರಣೆ ಹಾಕಬಾರದು, ಮಾಂಸ ಬೇಯಿಸಬಾರದು. ಗುಳ್ಳೆ ಬಾಡಿದ ಮೇಲೆ ಬೇವಿನ ನೀರಲ್ಲಿ ಮೈ ತೊಳೆದು ಅಮ್ಮನನ್ನು ತಣ್ಣಗೆ ಕಳಿಸಿಕೊಡಬೇಕು. ಅರ್ಜಿಯಲ್ಲಿರುವ ‘ಮೂರು ನೀರು’ ಅದೇ. ಇವರ ಮನೆಯಲ್ಲಿ ಏಳು, ಒಂಬತ್ತು, ಹನ್ನೊಂದನೇ ದಿನ ನೀರು ಹಾಕುತ್ತಾರೆ. ಈ ಲೆಕ್ಕ ಮನೆಯಿಂದ ಮನೆಗೆ ಬೇರೆ.

ಸೋಮವಾರ ಬೆಳಿಗ್ಗೆ ಝೆರಾಕ್ಸ್ ಅಂಗಡಿಯ ಹುಡುಗ ಇದನ್ನು ಇಂಗ್ಲಿಷಿಗೆ ಮಾಡಿ ಟೈಪ್ ಮಾಡಿಕೊಟ್ಟ. ಮೂವತ್ತು ರೂಪಾಯಿ, ಐದು ನಿಮಿಷ. ಹಿಂದೆ ಆಧಾರ್ ತಿದ್ದುಪಡಿಯವರ ಸಾಲು ನಿಂತಿತ್ತಂತೆ. ಅವನ ಇಂಗ್ಲಿಷ್ ಕನ್ನಡ ಅಕ್ಷರದಲ್ಲಿ ಹೀಗಿದೆ: “ಫ್ರಮ್ ಸಂಡೇ ಮದರ್ ಹ್ಯಾಸ್ ಕಮ್ ಟು ಮೈ ಸನ್. ಸೋ ವಿ ಕೆನಾಟ್ ಸೆಂಡ್ ಹಿಮ್ ಟು ಸ್ಕೂಲ್. ವಿ ವಿಲ್ ಸೆಂಡ್ ಆಫ್ಟರ್ ಪುಟಿಂಗ್ ತ್ರೀ ವಾಟರ್. ಟಿಲ್ ದೆನ್ ಯು ಮಸ್ಟ್ ಗಿವ್ ಲೀವ್. ಐ ನೋ ದೇರ್ ಈಸ್ ಟೆಸ್ಟ್. ಡೋಂಟ್ ಮಿಸ್ಟೇಕ್ ಮಿ.”

ಹುಡುಗನನ್ನು ಆಮೇಲೆ ಕೇಳಿದೆ. “ಅಮ್ಮ ಅಂದ್ರೆ ಏನು ಅಂತ ನಂಗೊತ್ತಿತ್ತು ಸಾರ್, ನಂಗೂ ಬಂದಿತ್ತು ಚಿಕ್ಕೋನಿದ್ದಾಗ. ಇಂಗ್ಲಿಷಲ್ಲಿ ಏನಂತಾರೋ ಗೊತ್ತಿರ್ಲಿಲ್ಲ. ಇದ್ದಿದ್ದನ್ನ ಇದ್ದಂಗೆ ಹಾಕ್ಬಿಟ್ಟೆ” ಅಂದ. ಅರ್ಥ ಗೊತ್ತಿದ್ದೂ ಪದಕ್ಕೆ ಪದ ಜೋಡಿಸಿದ್ದಾನೆ, ಹಾಗೆ ಜೋಡಿಸುವುದೇ ಪ್ರಾಮಾಣಿಕತೆ ಎಂದುಕೊಂಡಿದ್ದಾನೆ. ಅವನನ್ನು ಬಯ್ಯುವ ಯೋಗ್ಯತೆ ನನಗಿರಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮಿಸ್ ಇದನ್ನು ಹೇಗೆ ಓದಿಕೊಂಡರು ಎಂಬುದನ್ನು ಅವರೇ ನನಗೆ ಕೊನೆಗೆ ಹೇಳಿದರು. ಅರ್ಜಿಯ ಕೆಳಗಿನ ಸಹಿ ಕನ್ನಡದಲ್ಲಿತ್ತು. ಅದು ತಾಯಿಯದೇ ಸಹಿ ಎಂದು ಅವರಿಗೆ ಗೊತ್ತಾಗಲಿಲ್ಲ, ಅಪ್ಪ ಬರೆದಿರಬೇಕು ಎಂದುಕೊಂಡರು. ಬೇರೆ ಊರಲ್ಲಿರುವ ತಾಯಿ ಭಾನುವಾರ ಬಂದಿದ್ದಾಳೆ, ಮಗನನ್ನು ಬಿಟ್ಟಿರಲಾರಳು, ಅದಕ್ಕೆ ರಜೆ. ‘ತ್ರೀ ವಾಟರ್’ ಅಂದರೆ ಮನೆಗೆ ನೀರಿನ ಟ್ಯಾಂಕರ್ ಬಂದಿಲ್ಲವೇನೋ. ಬೆಂಗಳೂರಲ್ಲಿ ಈ ಊಹೆಯೂ ಅಸಾಧ್ಯವೇನಲ್ಲ. ಅದರ ಮೇಲೆ ‘ಯು ಮಸ್ಟ್ ಗಿವ್ ಲೀವ್’ ಎಂಬ ಮಾತು. ರಜೆ ಎಲ್ಲಿಯವರೆಗೆ ಎಂಬುದಕ್ಕೆ ದಿನಾಂಕವೂ ಇಲ್ಲ. ಮಂಗಳವಾರ ಅವರ ಉತ್ತರ ಬಂತು: ಮನೆಗೆ ಯಾರೋ ಬಂದರೆಂದು ರಜೆ ಕೊಡಲಾಗದು, ಗುರುವಾರ ಕಿರುಪರೀಕ್ಷೆ ಇದೆ, ಮಗುವನ್ನು ಕಳಿಸಿ.

ಅಪ್ಪನಿಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಶಾಲೆಯವರನ್ನು ಎದುರು ಹಾಕಿಕೊಳ್ಳುವುದು ಬೇಡ, ಗುರುವಾರ ತುಂಬು ತೋಳಿನ ಅಂಗಿ ಹಾಕಿ ಕಳಿಸೋಣ, ಪರೀಕ್ಷೆ ಬರೆದು ಬರಲಿ ಎಂದು ಆತ ತೀರ್ಮಾನಿಸಿದ. ಗುಳ್ಳೆ ಎದ್ದು ಐದನೇ ದಿನವದು. ಕೆಲವು ಬಾಡಿದ್ದವು, ಕೆಲವು ಆಗತಾನೇ ನೀರು ತುಂಬುತ್ತಿದ್ದವು. ತಾಯಿ ಒಪ್ಪಲಿಲ್ಲ. ಆಕೆಯ ಕಾರಣ ಬೇರೆ, ಅಮ್ಮನಿರುವಾಗ ಹೊಸ್ತಿಲು ದಾಟಿಸಬಾರದು. ವೈದ್ಯರ ಕಾರಣ ಬೇರೆ, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಅದು ಇನ್ನೊಬ್ಬರಿಗೆ ಅಂಟುತ್ತದೆ. ಎರಡೂ ಸೇರುವುದು ಒಂದೇ ಕಡೆ: ಮಗು ಮನೆಯಲ್ಲಿರಬೇಕು. ಬುಧವಾರ ಸಂಜೆ ಪಕ್ಕದ ಮನೆಯವರು ಆಕೆಯನ್ನು ನನ್ನ ಹತ್ತಿರ ಕರೆತಂದರು.

ಎರಡೂ ಹಾಳೆ ಮುಂದಿಟ್ಟುಕೊಂಡು ನೋಡಿದೆ. ಎಡವಟ್ಟು ‘ಅಮ್ಮ’ ಪದವೊಂದರದ್ದೇ ಅಲ್ಲ.

‘ಕೊಡಬೇಕು’ ಎಂಬುದನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ‘ತಾವು ಬರಬೇಕು’, ‘ಕುಳಿತುಕೊಳ್ಳಬೇಕು’, ‘ಎರಡು ತುತ್ತು ಊಟ ಮಾಡಿಕೊಂಡೇ ಹೋಗಬೇಕು’ ಇವೆಲ್ಲ ಉಪಚಾರದ ಮಾತುಗಳು. ಮದುವೆ ಕರೆಯೋಲೆಯಲ್ಲೂ ‘ಆಗಮಿಸಿ ಆಶೀರ್ವದಿಸಬೇಕು’ ಎಂದೇ ಇರುತ್ತದೆ. ‘ಬೇಕು’ ಅಂದದ್ದಕ್ಕೆ ಯಾರೂ ಮುನಿಯುವುದಿಲ್ಲ. ಇಂಗ್ಲಿಷಿನ ‘ಮಸ್ಟ್’ಗೆ ಈ ಬೆಚ್ಚಗಿನ ಬಳಕೆ ಊಟದ ಮೇಜಿನ ಸುತ್ತ ಇದ್ದರೂ ಇರಬಹುದು, ಅರ್ಜಿಯಲ್ಲಿ ಇಲ್ಲ. ಅಲ್ಲಿ ಅದು ಅಪ್ಪಣೆ. ‘ಕೈ ಮುಗಿದು’ ಎಂದು ಬರೆದ ತಾಯಿ ಇಂಗ್ಲಿಷಿನಲ್ಲಿ ಕೈ ತೋರಿಸಿ ಗದರಿದ ಹಾಗಾಯಿತು. ‘ತಾವು’ ಎಂಬುದರ ಗೌರವವೂ ‘ಯು’ ಆದ ಕ್ಷಣಕ್ಕೆ ಹೋಗುತ್ತದೆ. ಕನ್ನಡದಲ್ಲಿ ಸರ್ವನಾಮವೂ ಕ್ರಿಯಾಪದವೂ ಹೊತ್ತಿದ್ದ ಮರ್ಯಾದೆಯನ್ನು ಇಂಗ್ಲಿಷಿನಲ್ಲಿ ಬೇರೆಲ್ಲಾದರೂ ಇಳಿಸಬೇಕು. ‘ಪ್ಲೀಸ್’, ‘ಕುಡ್’, ‘ಐ ವುಡ್ ಬಿ ಗ್ರೇಟ್‌ಫುಲ್’ ಇವೇ ಅದಕ್ಕಿರುವ ಜಾಗ.

‘ತಪ್ಪು ತಿಳಿಯಬಾರದು’ ಇನ್ನೂ ಸೂಕ್ಷ್ಮ. ತಾಯಿ ಅಲ್ಲಿ ಹೇಳುತ್ತಿರುವುದು, ಪರೀಕ್ಷೆ ತಪ್ಪಿಸಲು ನೆಪ ಹೂಡುತ್ತಿದ್ದೇವೆಂದು ಅಂದುಕೊಳ್ಳಬೇಡಿ ಎಂದು. ‘ಡೋಂಟ್ ಮಿಸ್ಟೇಕ್ ಮಿ’ ಎಂಬುದರಲ್ಲಿ ಅದರ ಎಳೆಯೂ ಉಳಿದಿರಲಿಲ್ಲ.

ಇಷ್ಟೆಲ್ಲ ಕಂಡುಕೊಂಡ ನಾನು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟದ್ದೇನು? ‘ಐ ಆಮ್ ಕನ್‌ಸ್ಟ್ರೇನ್ಡ್ ಟು ಸಬ್‌ಮಿಟ್ ದಟ್ ಮೈ ವಾರ್ಡ್ ಹ್ಯಾಸ್ ಬೀನ್ ಅಫ್ಲಿಕ್ಟೆಡ್ ವಿತ್ ಚಿಕನ್ ಪಾಕ್ಸ್’ ಎಂದು ಶುರುವಾಗಿ, ‘ಯು ಮೇ ಬಿ ಪ್ಲೀಸ್ಡ್ ಟು’ ಎಂದು ಮುಗಿಯುವ ಒಂದು ಪುಟ. ಇಪ್ಪತ್ತು ವರ್ಷ ಕ್ರಯಪತ್ರ ಮಾಡಿದ ಕೈ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ನನ್ನದೊಂದು ಅಭ್ಯಾಸವಿದೆ, ಅನುವಾದವನ್ನು ಕಕ್ಷಿದಾರರಿಗೆ ಓದಿ, ಸಾಲು ಸಾಲಾಗಿ ಕನ್ನಡದಲ್ಲಿ ತಿರುಗಿ ಹೇಳುತ್ತೇನೆ. ಆ ದಿನ ನನ್ನನ್ನು ಉಳಿಸಿದ್ದು ಅದೇ.

ಮೊದಲ ವಾಕ್ಯಕ್ಕೇ ಆಕೆ ತಡೆದಳು. “ಸಾರ್, ಕೋಳಿ ಅಂತ ಯಾಕ್ ಬರ್ದಿದೀರಿ? ಈಗ ನಮ್ಮನೇಲಿ ಕೋಳಿ ಗೀಳಿ ಏನೂ ಮಾಡಕಿಲ್ಲ.”

ಚಿಕನ್ ಅವಳಿಗೆ ಗೊತ್ತು, ಪಾಕ್ಸ್ ಗೊತ್ತಿಲ್ಲ. ಆ ಕಾಯಿಲೆಗೆ ಇಂಗ್ಲಿಷಿನಲ್ಲಿ ಹಾಗೇ ಹೆಸರು ಎಂದು ವಿವರಿಸಿದೆ. ಆಕೆಯ ಮುಖ ಇನ್ನೂ ಸಣ್ಣಗಾಯಿತು. ಕಾಯಿಲೆ ಅನ್ನಬೇಡಿ, ಅಮ್ಮನಿಗೆ ಹಾಗನ್ನಬಾರದು. ಪೂರ್ತಿ ಕೇಳಿಸಿಕೊಂಡ ಮೇಲೆ ಇನ್ನೊಂದು ಮಾತು: “ಇದು ನಾನ್ ಬರ್ದಂಗಿಲ್ಲ ಸಾರ್. ಲಾಯರ್ ನೋಟೀಸ್ ಇದ್ದಂಗದೆ. ಮಿಸ್ಸು ಹೆದರ್ಕೊಂಡಾರು.”

ಎರಡನೆಯದಕ್ಕೆ ನಾನು ತಕ್ಷಣ ತಲೆಬಾಗಿದೆ. ಮೊದಲನೆಯದು ಕಷ್ಟದ್ದು, ಅದರಲ್ಲಿ ಎರಡು ಗಂಟುಗಳಿದ್ದವು. ಒಂದು, ಬರೆದವಳಿಗೆ ಇಷ್ಟವಿಲ್ಲದ ಹೆಸರನ್ನು ಅವಳ ಸಹಿಯ ಮೇಲೆ ನಾನು ಹಾಕಬಹುದೆ? ಇನ್ನೊಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ‘ಅಮ್ಮ’ ಅಂದರೆ ಚಿಕನ್ ಪಾಕ್ಸೇ ಎಂದು ನಾನು ಹೇಗೆ ಹೇಳಿದೆ? ಚಿಕನ್ ಪಾಕ್ಸ್ ಎಂಬ ಸೀತಾಳೆ ಸಿಡುಬಿಗೂ ಅಮ್ಮ ಅನ್ನುತ್ತಾರೆ, ದಡಾರಕ್ಕೂ ಕೆಲವು ಮನೆಗಳಲ್ಲಿ ಅಮ್ಮ ಅನ್ನುತ್ತಾರೆ, ಬೇಸಿಗೆಯಲ್ಲಿ ಮಕ್ಕಳ ಮೈಗೆ ಏಳುವ ಬೇರೆ ಗುಳ್ಳೆಗೂ ಅಜ್ಜಿಯರು ಒಮ್ಮೊಮ್ಮೆ ಅದನ್ನೇ ಅನ್ನುತ್ತಾರೆ. ನಾನು ಮಗುವನ್ನು ನೋಡಿರಲಿಲ್ಲ. ನೋಡಿದ್ದರೂ ನಾನು ಡಾಕ್ಟರಲ್ಲ. ಟೈಪಿಂಗ್ ಹುಡುಗ ಪದವನ್ನು ಹಾಗೇ ದಾಟಿಸಿದ್ದ, ನಾನು ಇನ್ನೂ ಮುಂದೆ ಹೋಗಿ ರೋಗನಿರ್ಣಯವನ್ನೇ ಮಾಡಿಬಿಟ್ಟಿದ್ದೆ. ಶಾಲೆಗೆ ಈ ವ್ಯತ್ಯಾಸ ಮುಖ್ಯ. ದಡಾರವಾದರೆ ಅವರು ಎಚ್ಚರಿಸಬೇಕಾದ ರೀತಿಯೇ ಬೇರೆ.

ಆ ರಾತ್ರಿಗೆ ಒಂದು ತಾತ್ಕಾಲಿಕ ದಾರಿ ಹುಡುಕಿದೆವು. ಹೆಸರು ಬೇಡ, ಕಣ್ಣಿಗೆ ಕಾಣುವುದನ್ನಷ್ಟೇ ಬರೆಯೋಣ. ಜ್ವರ ಇದೆಯಾ? ಮೂರು ದಿನ ಇತ್ತು, ಇವತ್ತು ಕಡಿಮೆ. ಗುಳ್ಳೆ? ಮೈತುಂಬ. ಅವಳ ಫೋನಿನಿಂದಲೇ ಮಿಸ್‌ಗೆ ಎರಡು ಸಾಲಿನ ಸಂದೇಶ ಕಳಿಸಿದೆವು. ಮಗನಿಗೆ ಭಾನುವಾರದಿಂದ ಜ್ವರ, ಮೈಮೇಲೆ ನೀರುಗುಳ್ಳೆ ಎದ್ದಿವೆ, ನಾಳೆ ಡಾಕ್ಟರಿಗೆ ತೋರಿಸುತ್ತೇವೆ, ಪರೀಕ್ಷೆಗೆ ಬರಲಾರ, ಅರ್ಜಿ ಕಳಿಸುತ್ತೇವೆ. ‘ಫೀವರ್’, ‘ಬ್ಲಿಸ್ಟರ್ಸ್’ ಎಂಬ ಮಾತುಗಳಿಗೆ ತಾಯಿಯ ಆಕ್ಷೇಪವಿರಲಿಲ್ಲ, ಅವು ಇದ್ದದ್ದೇ ಅಲ್ಲವೆ. ಅಪ್ಪನ ತುಂಬುತೋಳಿನ ಅಂಗಿಯ ಯೋಜನೆ ಅಲ್ಲಿಗೆ ನಿಂತಿತು.

ಡಾಕ್ಟರಿಗೆ ತೋರಿಸುವುದಕ್ಕೂ ಆಕೆ ಮೊದಲು ಹಿಂದೇಟು ಹಾಕಿದ್ದಳು. ಅಮ್ಮ ಬಂದಾಗ ಔಷಧಿ ಕೊಟ್ಟರೆ ಕೆರಳುತ್ತಾಳೆ ಎಂದು ಅತ್ತೆ ಹೇಳಿದ್ದರಂತೆ. ನಾನು ವಾದಕ್ಕೆ ಇಳಿಯಲಿಲ್ಲ. “ಔಷಧಿ ವಿಷಯ ನಿಮಗೂ ಡಾಕ್ಟರಿಗೂ ಬಿಟ್ಟದ್ದು. ಶಾಲೆಗೆ ಚೀಟಿ ಬೇಕಲ್ಲ, ಚೀಟಿಗೆ ಹೋಗಿ ಬನ್ನಿ” ಅಂದೆ. ಚೀಟಿಗಾಗಿ ಹೋದಳು. ಗುರುವಾರ ಬೆಳಿಗ್ಗೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನ ಡಾಕ್ಟರು ನೋಡಿ, ಸೀತಾಳೆ ಸಿಡುಬೇ ಹೌದೆಂದು ಚೀಟಿಯಲ್ಲಿ ಬರೆದು, ಎಲ್ಲ ಗುಳ್ಳೆ ಒಣಗುವವರೆಗೆ ಮನೆಯಲ್ಲಿರಲಿ ಎಂದರು. ಬೇವಿನ ಸೊಪ್ಪಿಗೆ ಅವರೇನೂ ಅನ್ನಲಿಲ್ಲವಂತೆ, ಉಗುರು ಕತ್ತರಿಸಿ ಎಂದಷ್ಟೇ ಹೇಳಿದರಂತೆ. ಕೆರೆದುಕೊಂಡರೆ ಕಲೆ ಉಳಿಯುತ್ತದೆ.

ಈಗ ಹೆಸರು ನನ್ನದಲ್ಲ, ಡಾಕ್ಟರದು. ಆದರೂ ತಾಯಿಯ ಒಪ್ಪಿಗೆ ಬೇಕಿತ್ತು. ಮುಂದಿಟ್ಟ ದಾರಿ ಇದು: ಅವಳ ಕನ್ನಡ ಅರ್ಜಿ ಅವಳ ಅಕ್ಷರದಲ್ಲೇ, ‘ಅಮ್ಮ’ ಎಂದೇ ಇರಲಿ. ಇಂಗ್ಲಿಷ್ ಹಾಳೆಯನ್ನು ಅದರ ಜೊತೆಗೆ ಲಗತ್ತಿಸೋಣ. ಆಕೆ ಸ್ವಲ್ಪ ಹೊತ್ತು ಯೋಚಿಸಿ ನಕ್ಕಳು. “ಆಗ್ಲಿ ಬುಡಿ ಸಾರ್. ನಮ್ಮೂರ ಅಮ್ಮನಿಗೆ ಇಂಗ್ಲೀಸು ಎಲ್ ಬತ್ತದೆ.”

‘ಮೂರು ನೀರು’ ಇಂಗ್ಲಿಷಿಗೆ ದಾಟಲಿಲ್ಲ. ಅದನ್ನು ವಿವರಿಸಲು ಒಂದು ಪ್ಯಾರಾ ಬೇಕು. ಮಿಸ್‌ಗೆ ಬೇಕಾದದ್ದು ಆಚರಣೆಯ ವಿವರವಲ್ಲ, ದಿನಾಂಕ. ಭಾನುವಾರವನ್ನು ಒಂದನೇ ದಿನ ಎಂದು ಎಣಿಸಿದರೆ ಏಳನೆಯದು ಶನಿವಾರ, ಒಂಬತ್ತನೆಯದು ಸೋಮವಾರ, ಹನ್ನೊಂದನೆಯದು ಮುಂದಿನ ಬುಧವಾರ. ಅಲ್ಲಿಗೆ ರಜೆ ಈ ಸೋಮವಾರದಿಂದ ಮುಂದಿನ ಬುಧವಾರದವರೆಗೆ, ಗುರುವಾರ ಶಾಲೆ. ಗುಳ್ಳೆ ಒಣಗಲು ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ, ಹಾಗಾಗಿ ಡಾಕ್ಟರ ಮಾತೂ ಮೂರನೇ ನೀರೂ ಒಂದೇ ಗಡುವಿನೊಳಗೆ ಕೂತವು. ಅಸಲು ಅರ್ಜಿಯಲ್ಲಿ ಇಲ್ಲದ ದಿನಾಂಕವನ್ನು ಅನುವಾದದಲ್ಲಿ ಸೇರಿಸಿದ್ದು ಸರಿಯೇ ಎಂದು ಯಾರಾದರೂ ಕೇಳಬಹುದು. ದಿನಾಂಕ ಅಲ್ಲಿ ಇತ್ತು, ನೀರಿನ ಲೆಕ್ಕದಲ್ಲಿತ್ತು.

ಡಾಕ್ಟರ ಮಾತು ಬಿಟ್ಟರೆ ನಿಜವಾಗಿ ಸೇರಿಸಿದ್ದು ಒಂದೇ ವಾಕ್ಯ. ‘ತಪ್ಪು ತಿಳಿಯಬಾರದು’ ಎನ್ನುವಾಗ ನಿಮ್ಮ ಮನಸ್ಸಿನಲ್ಲಿ ಇರುವುದೇನು, ಪರೀಕ್ಷೆ ಆಮೇಲೆ ಬರೆಸಲಿ ಎಂದೇ ಎಂದು ಕೇಳಿದೆ. “ಹಂಗ್ ಕೇಳ್ಬೋದಾ ಸಾರ್?” ಅಂದಳು. ಕೇಳಬಹುದು ಎಂದೆ. ಅವಳು ಹೂಂ ಅಂದ ಮೇಲಷ್ಟೇ ಬರೆದೆ. ಮಗು ಶನಿವಾರದವರೆಗೂ ತರಗತಿಗೆ ಹೋಗಿತ್ತು, ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಅಂಟುತ್ತದೆ. ಅದನ್ನೂ ಬರೆಯಬೇಕೆ ಎಂಬ ಪ್ರಶ್ನೆ ಎದ್ದಿತ್ತು. ತಾಯಿಗೆ ದೂರು ಬಂದೀತೆಂಬ ಅಳುಕು. ಹಾಜರಿ ಪುಸ್ತಕ ಮಿಸ್ ಹತ್ತಿರವೇ ಇದೆ, ಗುಳ್ಳೆ ಎದ್ದ ದಿನ ನಾವು ಹೇಳಿದರೆ ಉಳಿದದ್ದು ಅವರಿಗೇ ತಿಳಿಯುತ್ತದೆ ಎಂದು ಬಿಟ್ಟೆವು.

ಕೊನೆಗೆ ಹೋದ ಇಂಗ್ಲಿಷ್ ಅರ್ಜಿ ಇಷ್ಟೇ. ದಿನಾಂಕಗಳನ್ನು ಇಲ್ಲಿ ತೆಗೆದಿದ್ದೇನೆ:

“ರೆಸ್ಪೆಕ್ಟೆಡ್ ಮೇಡಮ್, ಮೈ ಸನ್, ಆಫ್ ಕ್ಲಾಸ್ ಟು, ಹ್ಯಾಸ್ ಚಿಕನ್ ಪಾಕ್ಸ್. ದಿ ಬ್ಲಿಸ್ಟರ್ಸ್ ಅಪಿಯರ್ಡ್ ಆನ್ ಸಂಡೇ. ದಿ ಡಾಕ್ಟರ್ ಹ್ಯಾಸ್ ಆಸ್ಕ್‌ಡ್ ಅಸ್ ಟು ಕೀಪ್ ಹಿಮ್ ಅಟ್ ಹೋಮ್ ಅಂಟಿಲ್ ದೇ ಹ್ಯಾವ್ ಆಲ್ ಡ್ರೈಡ್. ಪ್ಲೀಸ್ ಗ್ರಾಂಟ್ ಹಿಮ್ ಲೀವ್ ಫ್ರಮ್ ಮಂಡೇ ಟು ವೆಡ್ನಸ್‌ಡೇ ಆಫ್ ನೆಕ್ಸ್ಟ್ ವೀಕ್. ಐ ಆಮ್ ಸಾರಿ ದಟ್ ಹಿ ಹ್ಯಾಸ್ ಮಿಸ್ಡ್ ದಿ ಯೂನಿಟ್ ಟೆಸ್ಟ್. ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಹಿ ಕುಡ್ ರೈಟ್ ಇಟ್ ವೆನ್ ಹಿ ಕಮ್ಸ್ ಬ್ಯಾಕ್. ದಿ ಡಾಕ್ಟರ್ಸ್ ನೋಟ್ ಈಸ್ ಅಟ್ಯಾಚ್ಡ್. ಯುವರ್ಸ್ ಫೇತ್‌ಫುಲಿ.”

‘ಬಂದಿರುತ್ತದೆ’ ಇಲ್ಲಿ ‘ಹ್ಯಾಸ್’ ಆಗಿದೆ. ಕನ್ನಡದಲ್ಲಿ ಜ್ವರ, ನೆಗಡಿ, ಅಮ್ಮ ಎಲ್ಲ ನಮಗೆ ಬರುತ್ತವೆ, ಇಂಗ್ಲಿಷಿನಲ್ಲಿ ನಾವೇ ಅವನ್ನು ಇಟ್ಟುಕೊಂಡಿರುತ್ತೇವೆ. ‘ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಹೆಬ್ಬಾಗಿಲು ಪೂರ್ತಿ ಬಿದ್ದುಹೋಗಿ, ವಿಷಯ ಮೊದಲ ವಾಕ್ಯಕ್ಕೇ ಬಂದು ಕೂತಿದೆ. ‘ರೆಸ್ಪೆಕ್ಟೆಡ್ ಮೇಡಮ್’ ಎಂಬುದನ್ನು ಮಾತ್ರ ಬೇಕೆಂದೇ ಉಳಿಸಿಕೊಂಡೆ. ‘ಡಿಯರ್’ ಎನ್ನಬೇಕಿತ್ತು ಎಂದು ಇಂಗ್ಲಿಷ್ ಪಂಡಿತರು ಹೇಳಿಯಾರು. ನಮ್ಮ ಶಾಲೆಗಳ ಕಿವಿಗೆ ‘ರೆಸ್ಪೆಕ್ಟೆಡ್’ ಒಗ್ಗಿದೆ, ಮಿಸ್‌ನ ‘ಡಿಯರ್’ ಎಂದು ಕರೆಯಲು ಆ ತಾಯಿ ಸಾಯುವಷ್ಟು ನಾಚಿಕೊಳ್ಳುತ್ತಿದ್ದಳು.

ಗುರುವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಆಕೆ ಅರ್ಜಿ ಕೊಟ್ಟಳು. ಇಂಗ್ಲಿಷ್ ಹಾಳೆ ಓದಿದ ಮಿಸ್ ಮೊದಲಿನ ಅರ್ಜಿಯನ್ನು ನೆನಪಿಸಿಕೊಂಡರು. ‘ಮದರ್ ಹ್ಯಾಸ್ ಕಮ್’ ಎಂಬುದನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡು, ಹಣೆ ಚಚ್ಚಿಕೊಂಡು, “ಮಾತಾ! ಮಾತಾ ನಿಕಲೀ ಹೈ?” ಅಂದರು. ಹಿಂದಿ ಸೀಮೆಯ ಹಳ್ಳಿಗಳಲ್ಲೂ ಇದಕ್ಕೆ ಅನ್ನುವುದು ಮಾತಾ ಎಂದೇ, ಅಲ್ಲಿಯೂ ಬೇವಿನ ಟೊಂಗೆ ಇಡುತ್ತಾರೆ. ತಾಯಿಗೆ ಹಿಂದಿ ಬಾರದು, ‘ಮಾತಾ’ ಅರ್ಥವಾಯಿತು, ತಲೆಯಾಡಿಸಿದಳು. ಸೋಮವಾರವೇ ಇಬ್ಬರೂ ಗೇಟಿನಲ್ಲಿ ಎದುರಾಗಿ ಅವರವರ ಭಾಷೆಯಲ್ಲಿ ಮಾತಾಡಿದ್ದರೆ ಒಂದು ನಿಮಿಷದ ಕೆಲಸವಾಗಿತ್ತು. ಇಬ್ಬರಿಗೂ ಗೊತ್ತಿದ್ದ ಮಾತು ಇಬ್ಬರದೂ ಅಲ್ಲದ ಭಾಷೆಯೊಳಗೆ ಹೊಕ್ಕು ದಾರಿ ತಪ್ಪಿತ್ತು.

ರಜೆ ಸಿಕ್ಕಿತು. ಮಿಸ್ ಉಳಿದ ಪೋಷಕರಿಗೆ ಹೆಸರು ಹೇಳದೆ ಸೂಚನೆ ಕಳಿಸಿದರು. ಎರಡು ವಾರದ ಮೇಲೆ ಅದೇ ತರಗತಿಯ ಇನ್ನಿಬ್ಬರಿಗೆ ಗುಳ್ಳೆ ಎದ್ದವು. ಅಂಟಿದ ಮೇಲೆ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕಾಗುವುದರಿಂದ, ಇದು ಆ ಮೊದಲಿನ ಶುಕ್ರವಾರ ಶನಿವಾರದ ಲೆಕ್ಕವೇ ಇರಬೇಕು, ಯಾವ ಅರ್ಜಿಯೂ ಅದನ್ನು ತಡೆಯುತ್ತಿರಲಿಲ್ಲ. ಲೆಕ್ಕ ಹಾಕಿದ್ದ ಗುರುವಾರವೇ ಮಗ ಶಾಲೆಗೆ ಹೋದ, ಶುಕ್ರವಾರ ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ಪರೀಕ್ಷೆ ಬರೆದ.

ಝೆರಾಕ್ಸ್ ಅಂಗಡಿಯ ಹುಡುಗನಿಗೆ ನಾನು ಒಂದು ಚೀಟಿ ಬರೆದುಕೊಟ್ಟಿದ್ದೆ. ಅದನ್ನು ಅವನು ಕಂಪ್ಯೂಟರಿನ ಅಂಚಿಗೆ ಅಂಟಿಸಿಕೊಂಡಿದ್ದಾನೆ: ‘ಅಮ್ಮ ಎಂದಿದ್ದರೆ ಡಾಕ್ಟರ ಚೀಟಿ ಕೇಳು, ಇಲ್ಲದಿದ್ದರೆ ಜ್ವರ ಮತ್ತು ಗುಳ್ಳೆ ಎಂದು ಬರೆ. ಕೊಡಬೇಕು ಎಂದಿದ್ದರೆ ಮಸ್ಟ್ ಬೇಡ, ಪ್ಲೀಸ್. ಎಲ್ಲಿಯವರೆಗೆ ಎಂದು ಕೇಳಿ ದಿನಾಂಕ ಹಾಕು. ಟೈಪ್ ಮಾಡಿದ ಮೇಲೆ ಕನ್ನಡದಲ್ಲಿ ತಿರುಗಿ ಓದಿ ಹೇಳು.’ ಮೊನ್ನೆ ಹೋದಾಗ ಅದರ ಕೆಳಗೆ ಅವನ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು. ‘ಸೂತಕ = ?’ ಎಂದು. ಯಾರದೋ ಅರ್ಜಿ ಅರ್ಧಕ್ಕೆ ನಿಂತಿತ್ತು, ನನ್ನ ದಾರಿ ಕಾಯುತ್ತಿದ್ದ.